ಸೊಳೆ ಹಾಕಲು ಯಾವ ಬಕೆಟ್?

ಮೇ ತಿಂಗಳ ಕೊನೆಯ ವಾರ ಪೆರಾಬೆ ಕಡೆಯ ಮನೆಗಳಲ್ಲಿ ಎರಡು ಕೆಲಸ ಒಟ್ಟಿಗೆ ಬಂದು ಕೂರುತ್ತವೆ. ಅಂಗಳದ ಒಂದು ಬದಿಯಲ್ಲಿ ಹಲಸಿನಕಾಯಿ ಕೊಯ್ದು, ಮೇಣ ಒರಸಿ, ಸೊಳೆ ಬಿಡಿಸುವ ಕೆಲಸ. ಇನ್ನೊಂದು ಬದಿಯಲ್ಲಿ ಅಡಿಕೆಗೆ ಮದ್ದು ಬಿಡುವ ತಯಾರಿ. ಮಳೆ ಹಿಡಿಯುವ ಮೊದಲು ಎರಡೂ ಮುಗಿಯಬೇಕು. ಎರಡಕ್ಕೂ ಬೇಕಾಗುವುದು ದೊಡ್ಡ ಬಕೆಟ್. ತಾಪತ್ರಯ ಹುಟ್ಟುವುದು ಅಲ್ಲಿಯೇ.

ನಮ್ಮ ನೆರೆಮನೆಯ ಅಜ್ಜಿಯ ಭರಣಿ ಕಳೆದ ವರ್ಷ ಬಿರುಕು ಬಿಟ್ಟಿತು. ಅರ್ಧ ಆಳೆತ್ತರದ, ಮೇಲೆ ಕಂದು ಕೆಳಗೆ ಬಿಳಿ ಬಣ್ಣದ ಹಳೆಯ ಭರಣಿ ಅದು. ಉಪ್ಪುನೀರು ಒಸರಿ ಹೋಗುತ್ತಿತ್ತು. ಅಜ್ಜಿ ಹಿತ್ತಿಲಿಗೆ ಹೋಗಿ ಇಪ್ಪತ್ತು ಲೀಟರಿನ ಪೈಂಟ್ ಬಕೆಟ್ ಒಂದನ್ನು ತಂದರು. ಎರಡು ವರ್ಷದ ಹಿಂದೆ ಮನೆಗೆ ಬಣ್ಣ ಬಳಿಸಿದಾಗ ಉಳಿದದ್ದು. ಗಟ್ಟಿ ಹಿಡಿ, ಬಿಗಿ ಮುಚ್ಚಳ, ಒಳಗೆ ಹಾಲಿನಂತೆ ಬೆಳ್ಳಗೆ.

ಐದನೇ ತರಗತಿಯ ಮೊಮ್ಮಗಳು ಕೇಳಿದಳು: “ಅಜ್ಜೀ, ಇದರಲ್ಲಿ ಪೈಂಟ್ ಇತ್ತಲ್ಲ?”

“ಇತ್ತು ಮಗಾ. ಮೂರು ಸಲ ಸೋಪು ಹಾಕಿ ಉಜ್ಜಿದ್ದೇನೆ. ಎರಡು ದಿನ ಬಿಸಿಲಿಗಿಟ್ಟಿದ್ದೇನೆ. ಇನ್ನೆಂಥ ಇರುತ್ತದೆ ಅದರಲ್ಲಿ?”

ಅಜ್ಜಿಯ ಪ್ರಶ್ನೆ ಸಣ್ಣದಲ್ಲ. ನಮ್ಮ ಹಳ್ಳಿಗಳಲ್ಲಿ ಗಟ್ಟಿಮುಟ್ಟಾದ ಡಬ್ಬಿಯನ್ನು ಎಸೆಯುವುದೆಂದರೆ ಹಿರಿಯರಿಗೆ ಹೊಟ್ಟೆ ಉರಿಯುತ್ತದೆ, ಅದರಲ್ಲಿ ತಪ್ಪೂ ಇಲ್ಲ. ಹಾಗಾದರೆ ತೊಳೆದು ಒಣಗಿಸಿದ ಬಕೆಟಿನಲ್ಲಿ ಏನು ಉಳಿದಿರಲು ಸಾಧ್ಯ? ಇದಕ್ಕೆ ಉತ್ತರವನ್ನು ಅಡುಗೆಮನೆಯಲ್ಲೇ ನೋಡಬಹುದು.

ಮಕ್ಕಳೇ, ಒಂದು ಸ್ಟೀಲಿನ ಮುಚ್ಚಳ, ಒಂದು ಗಾಜಿನ ಲೋಟ, ಒಂದು ಹಳೆಯ ಬಿಳಿ ಪ್ಲಾಸ್ಟಿಕ್ ಮುಚ್ಚಳ ತೆಗೆದುಕೊಳ್ಳಿ. ಅರ್ಧ ಚಮಚ ಅರಸಿನ ಪುಡಿಯನ್ನು ಒಂದು ಚಮಚ ತೆಂಗಿನೆಣ್ಣೆಯಲ್ಲಿ ಕಲಸಿ ಮೂರಕ್ಕೂ ಸವರಿ. ಒಂದು ರಾತ್ರಿ ಹಾಗೆಯೇ ಬಿಡಿ. ಬೆಳಿಗ್ಗೆ ಮೂರನ್ನೂ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಸ್ಟೀಲು ಮತ್ತು ಗಾಜು ಮೊದಲಿನಂತೆ ಹೊಳೆಯುತ್ತವೆ. ಪ್ಲಾಸ್ಟಿಕ್ ಮುಚ್ಚಳ ಮಾತ್ರ ಹಳದಿಯಾಗಿಯೇ ಉಳಿಯುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಏಕೆಂದರೆ ಆ ಹಳದಿ ಮುಚ್ಚಳದ ಮೇಲೆ ಕೂತಿಲ್ಲ, ಒಳಗೆ ಇಳಿದಿದೆ. ಪ್ಲಾಸ್ಟಿಕ್ ನಮ್ಮ ಕಣ್ಣಿಗೆ ಗಾಜಿನಷ್ಟೇ ನುಣುಪಾಗಿ ಕಂಡರೂ ಎಣ್ಣೆಯಲ್ಲಿ ಕರಗುವ ಪದಾರ್ಥಗಳನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಸೋಪು ತೊಳೆಯುವುದು ಮೇಲ್ಮೈಯನ್ನು ಮಾತ್ರ. ಒಳಗೆ ಇಳಿದದ್ದು ಒಳಗೇ ಇರುತ್ತದೆ. ಮುಂದೆ ಅದರಲ್ಲಿ ಎಣ್ಣೆಯನ್ನೋ ಉಪ್ಪಿನಕಾಯಿಯನ್ನೋ ತಿಂಗಳುಗಟ್ಟಲೆ ಇಟ್ಟರೆ ಹೀರಿಕೊಂಡದ್ದು ಮೆಲ್ಲಗೆ ಹೊರಗೆ ಬರುತ್ತದೆ. ಹಿಂದೆ ಉಪ್ಪಿನಕಾಯಿ ಇದ್ದ ಡಬ್ಬಿಯಲ್ಲಿ ಸಕ್ಕರೆ ಹಾಕಿಟ್ಟರೆ ಚಹಾಕ್ಕೂ ಇಂಗಿನ ವಾಸನೆ ಬರುವುದು ಹೀಗೆಯೇ.

ಇನ್ನೊಂದು ಮಾತು. ಹಳದಿಯಾದ ಮುಚ್ಚಳವನ್ನು ನಾಲ್ಕು ದಿನ ಬಿಸಿಲಿಗಿಟ್ಟರೆ ಬಣ್ಣ ಮಾಸುತ್ತದೆ. ಅರಸಿನದ ಬಣ್ಣ ಬಿಸಿಲಿಗೆ ತಾಳುವುದಿಲ್ಲ, ಅಷ್ಟೆ. ಅದನ್ನು ನೋಡಿ ಬಿಸಿಲು ಎಲ್ಲವನ್ನೂ ತೆಗೆಯುತ್ತದೆ ಎಂದು ನಂಬಬಾರದು.

ಈಗ ಪೈಂಟ್ ಬಕೆಟಿಗೆ ಬರೋಣ. ಗೋಡೆಗೆ ಬಳಿಯುವ ನೀರಿನ ಬಣ್ಣದಲ್ಲಿ ಬಣ್ಣದ ಪುಡಿ ಮಾತ್ರ ಇರುವುದಿಲ್ಲ. ಡಬ್ಬಿಯೊಳಗೆ ಬೂಸ್ಟು ಬಾರದಂತೆ, ಕೊಳೆಯದಂತೆ ತಡೆಯುವ ಔಷಧಿಗಳನ್ನೂ ಸೇರಿಸಿರುತ್ತಾರೆ. ಸೂಕ್ಷ್ಮಜೀವಿಗಳನ್ನು ಕೊಲ್ಲುವುದೇ ಅವುಗಳ ಕೆಲಸ. ಕಿಟಕಿ, ಬಾಗಿಲಿಗೆ ಬಳಿಯುವ ಎನಾಮೆಲ್ ಬಣ್ಣಗಳಲ್ಲಿ ಹಿಂದೆ ಸೀಸ ಧಾರಾಳವಾಗಿ ಇರುತ್ತಿತ್ತು. ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕೆಡಿಸುವ ಲೋಹ ಅದು. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಇರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಡಬ್ಬಿ ಅಟ್ಟದ ಮೇಲಿದ್ದರೆ ಅದರ ಅಂಚಿಗೆ ಅಂಟಿದ ಒಣ ಬಣ್ಣದ ಚಕ್ಕೆಯನ್ನೂ ಮಕ್ಕಳು ಮುಟ್ಟಬಾರದು.

ಮೊಮ್ಮಗಳು ಬಕೆಟನ್ನು ಬೋರಲು ಹಾಕಿ ತಳ ನೋಡಿದಳು. ಮೂರು ಬಾಣಗಳ ತ್ರಿಕೋನ, ಅದರೊಳಗೆ 5 ಎಂಬ ಅಂಕೆ. ಓಡಿ ಹೋಗಿ ಶಾಲೆಗೆ ಒಯ್ಯುವ ತನ್ನ ಬುತ್ತಿ ಡಬ್ಬಿ ತಂದು ನೋಡಿದರೆ ಅದರಲ್ಲಿಯೂ 5! “ಎರಡೂ ಒಂದೇ ಅಜ್ಜಿ, ಹಾಕಬಹುದು” ಎಂದಳು.

ಈ ತಪ್ಪನ್ನು ದೊಡ್ಡವರೂ ಮಾಡುತ್ತಾರೆ. ತ್ರಿಕೋನದೊಳಗಿನ ಅಂಕೆ 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ಆರಂಭಿಸಿದ ಗುರುತು. ಗುಜರಿಗೆ ಬಂದ ಪ್ಲಾಸ್ಟಿಕನ್ನು ಜಾತಿ ಜಾತಿಯಾಗಿ ಬೇರ್ಪಡಿಸಲು ಸುಲಭವಾಗಲಿ ಎಂದು ಮಾಡಿದ್ದು. 1 ಎಂದರೆ ನೀರಿನ ಬಾಟಲಿಯ, ಬಿಸ್ಕತ್ತು ಭರಣಿಯ ಜಾತಿ. 2 ಎಂದರೆ ಎಣ್ಣೆ ಕ್ಯಾನಿನ, ನೀಲಿ ಡ್ರಮ್ಮಿನ ಜಾತಿ. 5 ಎಂದರೆ ಪಾಲಿಪ್ರೊಪಿಲೀನ್. ಅದರಿಂದ ಬುತ್ತಿ ಡಬ್ಬಿಯನ್ನೂ ಮಾಡುತ್ತಾರೆ, ಪೈಂಟ್ ಬಕೆಟನ್ನೂ ಮಾಡುತ್ತಾರೆ. ಅದು ಆಹಾರಕ್ಕೆ ಆಗುತ್ತದೋ ಇಲ್ಲವೋ ಎಂಬುದನ್ನು ಆ ಅಂಕೆ ಹೇಳುವುದೇ ಇಲ್ಲ. ಬುತ್ತಿ ಡಬ್ಬಿಗೆ ಬೆರೆಸುವ ಬಣ್ಣ, ಕಚ್ಚಾವಸ್ತು ಶುದ್ಧವಾಗಿರಬೇಕೆಂಬ ನಿಯಮವಿದೆ. ಪೈಂಟ್ ಬಕೆಟಿಗೆ ಆ ಕಟ್ಟು ಇಲ್ಲ. ಗುಜರಿ ಪ್ಲಾಸ್ಟಿಕ್ ಕರಗಿಸಿ ಬೆರೆಸಿದರೂ ಕೇಳುವವರಿಲ್ಲ. ಆಹಾರಕ್ಕೆಂದೇ ಮಾಡಿದ ಪಾತ್ರೆಯನ್ನು ಗುರುತಿಸಲು ನೋಡಬೇಕಾದದ್ದು ಬೇರೆ ಚಿತ್ರ: ಒಂದು ಲೋಟ ಮತ್ತು ಪಕ್ಕದಲ್ಲಿ ಒಂದು ಮುಳ್ಳುಚಮಚ. ಆ ಚಿತ್ರ ಇದ್ದರೂ ಅದು ಹೊಸದಾಗಿದ್ದಾಗಿನ ಮಾತು. ನಡುವೆ ಅದರಲ್ಲಿ ಫಿನಾಯಿಲ್ ತುಂಬಿಸಿದ್ದರೆ ಚಿತ್ರಕ್ಕೆ ಬೆಲೆ ಇಲ್ಲ.

ಪೈಂಟ್ ಬಕೆಟ್ ಬೇಡವೆಂದಾದ ಮೇಲೆ ಅಜ್ಜಿಯ ಕಣ್ಣು ಬಿದ್ದದ್ದು ಜಗಲಿಯ ಮೂಲೆಯ ನೀಲಿ ಬಕೆಟಿನ ಮೇಲೆ. ನಿಜ ಹೇಳಬೇಕೆಂದರೆ ಪೈಂಟ್ ಬಕೆಟಿಗಿಂತ ಹೆಚ್ಚು ಭಯಪಡಬೇಕಾದದ್ದು ಇದಕ್ಕೇ. ಅದು ಮದ್ದಿನ ಬಕೆಟ್.

ಕೊಳೆರೋಗಕ್ಕೆ ನಾವು ಬಿಡುವ ಬೋರ್ಡೋ ದ್ರಾವಣ ಮಾಡುವುದು ಹೇಗೆಂದು ಪುತ್ತೂರು, ಸುಳ್ಯ, ಕಡಬದ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಒಂದು ಕಿಲೋ ಮೈಲುತುತ್ತನ್ನು ಒಂದಷ್ಟು ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಬೇರೆ ನೀರಿನಲ್ಲಿ ಕರಗಿಸಿ, ಎರಡನ್ನೂ ಸೇರಿಸಿ ಒಟ್ಟು ನೂರು ಲೀಟರ್ ಮಾಡುತ್ತಾರೆ. ಅದೇ ಶೇಕಡಾ ಒಂದರ ದ್ರಾವಣ. ಹದ ಬಂತೋ ಎಂದು ನೋಡಲು ಅಜ್ಜ ಕಬ್ಬಿಣದ ಕತ್ತಿಯ ತುದಿಯನ್ನು ಅದರಲ್ಲಿ ಅದ್ದಿ ಹಿಡಿಯುವುದನ್ನು ನೀವು ಕಂಡಿರಬಹುದು. ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ಇನ್ನಷ್ಟು ಸುಣ್ಣದ ನೀರು ಬೆರೆಸುತ್ತಾರೆ.

ಆ ಪರೀಕ್ಷೆಯಲ್ಲೇ ನಮ್ಮ ಬಕೆಟಿನ ಗುಟ್ಟೂ ಇದೆ. ಮೈಲುತುತ್ತಿನಲ್ಲಿರುವುದು ತಾಮ್ರ. ಸುಣ್ಣ ಆ ತಾಮ್ರವನ್ನು ಕಟ್ಟಿಹಾಕಿ ನೀರಿನಲ್ಲಿ ಕರಗದ ತಿಳಿನೀಲಿ ಗಸಿಯಾಗಿ ಮಾಡುತ್ತದೆ. ಹಾಗಾಗಿಯೇ ಮಳೆ ಬಂದರೂ ಮದ್ದು ಅಡಿಕೆ ಗೊನೆಯಿಂದ ಬೇಗ ತೊಳೆದು ಹೋಗುವುದಿಲ್ಲ. ಮಳೆಗೇ ಹೋಗದ್ದು ನಾವು ನಾಲ್ಕು ಚೊಂಬು ನೀರು ಹಾಕಿ ತೊಳೆದರೆ ಬಕೆಟಿನಿಂದ ಹೋಗುತ್ತದೆಯೇ? ಗೀರುಗಳಲ್ಲಿ, ಹಿಡಿಯ ಸಂದಿಯಲ್ಲಿ, ತಳದ ಅಂಚಿನಲ್ಲಿ ನೀಲಿ ಹೊರಪೆಯಾಗಿ ಕೂತಿರುತ್ತದೆ. ನೀರಿಗೆ ಕರಗದ ಅದೇ ಹೊರಪೆ ಹುಳಿಗೆ ಕರಗುತ್ತದೆ. ಮಾವಿನ ಮಿಡಿಯ ಉಪ್ಪುನೀರು ಹುಳಿ. ಸೊಳೆಯ ಉಪ್ಪುನೀರೂ ದಿನ ಕಳೆದಂತೆ ಸ್ವಲ್ಪ ಹುಳಿಯಾಗುತ್ತದೆ. ಸುಣ್ಣ ಕಟ್ಟಿಹಾಕಿದ ತಾಮ್ರವನ್ನು ಹುಳಿ ಬಿಡಿಸಿ ನೀರಿಗೆ ಇಳಿಸುತ್ತದೆ. ತಿಂದವರಿಗೆ ಬಾಯಲ್ಲಿ ಲೋಹದ ರುಚಿ, ಹೊಟ್ಟೆನೋವು, ವಾಂತಿ ಬರಬಹುದು. ಮದ್ದಿನ ಬಕೆಟಿನಲ್ಲಿ ಹುಣಸೆಹುಳಿ ನೆನೆಸುವುದು, ಮಜ್ಜಿಗೆ ಕಲಸುವುದು ಇವೂ ಅದೇ ಲೆಕ್ಕಕ್ಕೆ ಬರುತ್ತವೆ. ಮನೆಯಲ್ಲಿ ಜನ ಹೆಚ್ಚಾದ ದಿನ ಗಡಿಬಿಡಿಯಲ್ಲಿ ಯಾವ ಬಕೆಟು ಕೈಗೆ ಸಿಗುತ್ತದೆಂದು ಹೇಳಲಾಗುವುದಿಲ್ಲ.

ಬೋರ್ಡೋ ಕಣ್ಣಿಗೆ ಕಾಣುವ ನೀಲಿ, ಅಷ್ಟಾದರೂ ಪುಣ್ಯ. ಕೀಟನಾಶಕದ ಡಬ್ಬಿಗೆ ಆ ಪುಣ್ಯವೂ ಇಲ್ಲ. ಇಲ್ಲಿ ಒಂದು ಘಟನೆ ಹೇಳಲೇಬೇಕು. ಅಜ್ಜ ಅಜ್ಜಿಯರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಓದಿ.

2013ರ ಜುಲೈ 16. ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಪ್ರಾಥಮಿಕ ಶಾಲೆ. ಮಧ್ಯಾಹ್ನದ ಊಟಕ್ಕೆ ಅನ್ನ, ಬಟಾಟೆ ಮತ್ತು ಸೋಯಾ ಹಾಕಿದ ಪಲ್ಯ. ಊಟ ಮಾಡಿದ ಸ್ವಲ್ಪ ಹೊತ್ತಿಗೆ ಮಕ್ಕಳಿಗೆ ಹೊಟ್ಟೆನೋವು, ವಾಂತಿ ಶುರುವಾಯಿತು. ಇಪ್ಪತ್ತಮೂರು ಮಕ್ಕಳು ಉಳಿಯಲಿಲ್ಲ. ಅಡುಗೆ ಮಾಡಿದವರೂ ಕಾಯಿಲೆ ಬಿದ್ದರು. ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅಡುಗೆ ಎಣ್ಣೆಯಲ್ಲಿ, ಎಣ್ಣೆಯ ಡಬ್ಬಿಯಲ್ಲಿ, ಪಲ್ಯದಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸಿಕ್ಕಿತು. ಮೊದಲು ಕೀಟನಾಶಕ ಇದ್ದ ಡಬ್ಬಿಯಲ್ಲಿ ಎಣ್ಣೆ ಇಟ್ಟದ್ದೇ ಕಾರಣವೆಂದು ಅಧಿಕಾರಿಗಳು ಶಂಕಿಸಿದರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಆ ತಿಂಗಳ ಕೊನೆಯಲ್ಲಿ ಈ ಘಟನೆಯನ್ನೇ ಎತ್ತಿ ಹೇಳಿ, ಅತಿ ಅಪಾಯದ ಕೀಟನಾಶಕಗಳನ್ನು ಮಾರುಕಟ್ಟೆಯಿಂದ ಬೇಗ ತೆಗೆಯಿರಿ ಎಂದು ದೇಶಗಳನ್ನು ಕೇಳಿಕೊಂಡಿತು.

ಕೀಟನಾಶಕದ ಡಬ್ಬಿಯನ್ನು ಗುರುತಿಸುವುದು ಮಕ್ಕಳಿಗೂ ಸಾಧ್ಯ. ಅದರ ಚೀಟಿಯಲ್ಲಿ ಮೂಲೆಯ ಮೇಲೆ ನಿಲ್ಲಿಸಿದ ಚೌಕದ ಚಿತ್ರ ಇರಲೇಬೇಕು. ಚೌಕದ ಕೆಳಗಿನ ಅರ್ಧಕ್ಕೆ ಬಣ್ಣ ಬಳಿದಿರುತ್ತಾರೆ. ಕೆಂಪು ಅತ್ಯಂತ ವಿಷಕಾರಿ, ಆಮೇಲೆ ಹಳದಿ, ನೀಲಿ, ಹಸಿರು. ಕೆಂಪಿನದಕ್ಕೆ ಮೇಲಿನ ಅರ್ಧದಲ್ಲಿ ತಲೆಬುರುಡೆಯೂ ಇರುತ್ತದೆ. ಹಸಿರು ಎಂದರೆ ಅಡುಗೆಮನೆಗೆ ತರಬಹುದು ಎಂದಲ್ಲ. ನಾಲ್ಕು ಬಣ್ಣದ ಯಾವ ಡಬ್ಬಿಯೂ ಆಹಾರಕ್ಕೆ ಆಗದು. ಚೀಟಿ ಕಿತ್ತುಹೋದ ಡಬ್ಬಿಯನ್ನು ಕೆಂಪೆಂದೇ ತಿಳಿಯಬೇಕು.

ಕೃಷಿ ಇಲಾಖೆಯವರು “ಡಬ್ಬಿಯನ್ನು ಮೂರು ಸಲ ತೊಳೆಯಿರಿ” ಎನ್ನುತ್ತಾರಲ್ಲ, ಅದನ್ನು ಕೇಳಿ ಕೆಲವರು ಮೂರು ಸಲ ತೊಳೆದರೆ ಡಬ್ಬಿ ಶುದ್ಧವಾಯಿತು ಎಂದುಕೊಂಡಿದ್ದಾರೆ. ಮೂರು ಸಲ ತೊಳೆದ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಹಾಕಬೇಕು, ಆಮೇಲೆ ಡಬ್ಬಿಗೆ ತೂತು ಹೊಡೆಯಬೇಕು ಎಂಬುದು ಆ ಮಾತಿನ ಉಳಿದರ್ಧ. ತೊಳೆಯುವುದು ಎಸೆದ ಡಬ್ಬಿಯಿಂದ ತೋಡಿಗೆ, ಮಣ್ಣಿಗೆ ವಿಷ ಹೋಗದಿರಲಿ ಎಂದು. ತೂತು ಹೊಡೆಯುವುದು ಯಾರೂ ಅದನ್ನು ಮತ್ತೆ ಬಳಸದಿರಲಿ ಎಂದು. ಖಾಲಿ ಡಬ್ಬಿ ಮರುಬಳಕೆಯಾಗುವಂತೆ ಹೊರಗೆ ಬಿಡಬಾರದೆಂದು 1971ರ ಕೀಟನಾಶಕ ನಿಯಮಗಳಲ್ಲಿಯೂ ಇದೆ.

ರಬ್ಬರ್ ತೋಟ ಇರುವ ಮನೆಗಳಿಗೆ ಇನ್ನೊಂದು ಎಚ್ಚರಿಕೆ ಬೇಕು. ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್ ದೊಡ್ಡ ಕ್ಯಾನಿನಲ್ಲಿ ಬರುತ್ತದೆ. ನೋಡಲು ಎಣ್ಣೆ ಕ್ಯಾನಿನ ಅಣ್ಣನಂತಿರುತ್ತದೆ, ಪ್ಲಾಸ್ಟಿಕ್ಕೂ ಅದೇ ಜಾತಿ. ಅದರಲ್ಲಿ ನೀರು, ಎಣ್ಣೆ ತುಂಬಿಸಬಾರದು ಎಂಬುದು ಎಲ್ಲರಿಗೂ ತಿಳಿದಿದೆ. ಆದರೆ ಅದರ ಉಲ್ಟಾ ತಪ್ಪು ಹೆಚ್ಚಾಗಿ ನಡೆಯುತ್ತದೆ. ದಿನಕ್ಕೆ ಬೇಕಾದಷ್ಟು ಆಸಿಡನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ಬಗ್ಗಿಸಿ ತೋಟಕ್ಕೆ ಒಯ್ಯುವುದು, ಸಂಜೆ ಅದನ್ನು ಜಗಲಿಯಲ್ಲಿಡುವುದು. ಸೀಮೆಎಣ್ಣೆ, ಫಿನಾಯಿಲ್ ಕೂಡ ಹಾಗೆಯೇ. ಆಡಿ ಬಂದ ಮಗುವಿಗೆ ಬಾಟಲಿಯ ಆಕಾರ ಮಾತ್ರ ಕಾಣುತ್ತದೆ, ಬಾಯಾರಿಕೆಯಲ್ಲಿ ಯಾರು ಮೂಸಿ ನೋಡುತ್ತಾರೆ? ಯಾರಾದರೂ ಕುಡಿದೇಬಿಟ್ಟರೆ ವಾಂತಿ ಮಾಡಿಸಲು ಹೋಗಬಾರದು. ಸುಡುವ ಆಸಿಡ್ ಇಳಿಯುವಾಗ ಗಂಟಲು ಸುಟ್ಟಿರುತ್ತದೆ, ಹತ್ತುವಾಗ ಇನ್ನೊಮ್ಮೆ ಸುಡುತ್ತದೆ. ಸೀಮೆಎಣ್ಣೆಯಾದರೆ ಶ್ವಾಸಕೋಶಕ್ಕೆ ಹೋಗುವ ಭಯ. ಮಾಡಬೇಕಾದದ್ದು ಒಂದೇ, ತಡಮಾಡದೆ ಆಸ್ಪತ್ರೆಗೆ ಒಯ್ಯುವುದು. ಹೋಗುವಾಗ ಆ ಬಾಟಲಿಯನ್ನೂ ಹಿಡಿದುಕೊಂಡು ಹೋಗಿ. ಕುಡಿದದ್ದು ಏನೆಂದು ಡಾಕ್ಟರಿಗೆ ಬೇಗ ಗೊತ್ತಾಗಬೇಕು.

ಇಷ್ಟಾದ ಮೇಲೆ ಅಜ್ಜಿಗೆ ಸ್ವಲ್ಪ ಸಿಟ್ಟೇ ಬಂತು. “ಹಾಗಾದರೆ ಎಲ್ಲವನ್ನೂ ಗುಜರಿಗೆ ಹಾಕುವುದಾ? ಹಳೆ ಡಬ್ಬಿಯಲ್ಲಿಯೇ ಅಲ್ಲವಾ ನಾವು ಸಂಸಾರ ಮಾಡಿದ್ದು?”

ಎಲ್ಲವನ್ನೂ ಅಲ್ಲ ಅಜ್ಜಿ. ಮೊದಲು ಆಹಾರವೇ ಇದ್ದ ಡಬ್ಬಿಯನ್ನು ಅದೇ ತರದ ಆಹಾರಕ್ಕೆ ಧಾರಾಳವಾಗಿ ಬಳಸಬಹುದು. ಬಿಸ್ಕತ್ತಿನ, ಚಾಕೊಲೇಟಿನ ಪಾರದರ್ಶಕ ಭರಣಿಗಳಲ್ಲಿ ಹಪ್ಪಳ, ಸಂಡಿಗೆ, ಒಣಮೆಣಸು, ಬೇಳೆ ಇಡಿ. ಒಣ ಪದಾರ್ಥ ಪ್ಲಾಸ್ಟಿಕ್ಕಿನಿಂದ ಏನನ್ನೂ ಹೆಚ್ಚು ಎಳೆದುಕೊಳ್ಳುವುದಿಲ್ಲ. ಆದರೆ ಬಿಸಿ ಹಾಕಬೇಡಿ. ಆ ಭರಣಿಗಳು 1ರ ಜಾತಿ, ಕುದಿಯುವ ನೀರು ಬಿದ್ದರೆ ಮುದುಡಿಕೊಳ್ಳುತ್ತವೆ. ಆಗ ಹುರಿದ ಸಾರಿನ ಪುಡಿ, ಬಾಣಲೆಯಿಂದ ಇಳಿಸಿದ ಬಾಳೆಕಾಯಿ ಚಿಪ್ಸು ಪೂರ್ತಿ ತಣಿದ ಮೇಲೆ ತುಂಬಿಸಿ. ಒಳಗೆ ಗೀರು ಬಿದ್ದು ಮಂಜಾದ ಮೇಲೆ ಆ ಭರಣಿಗೆ ಗುಂಡುಸೂಜಿ, ಬಟನ್ ಹಾಕುವ ಕೆಲಸ ಕೊಡಬಹುದು.

ಅಡುಗೆ ಎಣ್ಣೆಯ ಐದು ಲೀಟರಿನ ಕ್ಯಾನು ಚೆನ್ನಾಗಿಯೇ ಇರುತ್ತದೆ. ಅದರ ತೊಂದರೆ ಬಾಯಿ ಸಣ್ಣದು, ಕೈ ಹೋಗುವುದಿಲ್ಲ. ಗೋಡೆಗೆ ಅಂಟಿದ ಹಳೆ ಎಣ್ಣೆ ಕಮಟು ಬಂದು, ಮಿಲ್ಲಿನಿಂದ ತಂದ ಹೊಸ ತೆಂಗಿನೆಣ್ಣೆಯನ್ನೂ ಕೆಡಿಸುತ್ತದೆ. ಮನೆಯಲ್ಲಿ ಅದು ರುಚಿಯ ವಿಷಯ, ಅಂಗಡಿಯವರಿಗೆ ಕಾನೂನಿನ ವಿಷಯ. ಒಮ್ಮೆ ಬಳಸಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಡುಗೆ ಎಣ್ಣೆಯನ್ನು, ಒಮ್ಮೆ ಬಳಸಿದ ತಗಡಿನ ಡಬ್ಬಿಯಲ್ಲಿ ಯಾವ ಆಹಾರವನ್ನೂ ಮತ್ತೆ ತುಂಬಿಸಿ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕಿಂಗ್ ನಿಯಮ ಹೇಳುತ್ತದೆ. ತಗಡಿನ ಎಣ್ಣೆ ಡಬ್ಬಿಯ ಮುಚ್ಚಳ ಕತ್ತರಿಸಿ ಹಪ್ಪಳ ಇಡುವ ಅಜ್ಜಿಯರು ಇನ್ನೂ ಇದ್ದಾರೆ. ಡಬ್ಬಿಗೆ ತುಕ್ಕು ಹಿಡಿಯುವವರೆಗೆ ಅದು ನಡೆಯುತ್ತದೆ. ಉಪ್ಪುನೀರು ಮಾತ್ರ ಬೇಡ, ಒಂದು ಮಳೆಗಾಲದೊಳಗೆ ತಗಡನ್ನು ತಿಂದುಹಾಕುತ್ತದೆ. ಇಂಜಿನ್ ಆಯಿಲಿನ ಕ್ಯಾನು ಎಣ್ಣೆ ಕ್ಯಾನೇ ಆದರೂ ಅದು ಬೇರೆ ಎಣ್ಣೆ. ಅದು ಕೊಟ್ಟಿಗೆಗೂ ಬೇಡ, ದನ ಕುಡಿಯುವ ನೀರೂ ನೀರೇ.

ಪೈಂಟ್ ಬಕೆಟಿನ ಒಳಗೆ ಪ್ಲಾಸ್ಟಿಕ್ ಚೀಲ ಹಾಕಿ ಸೊಳೆ ತುಂಬಿಸುವ ಉಪಾಯವನ್ನೂ ಅಜ್ಜಿ ಹೇಳಿ ನೋಡಿದರು. ಸೊಳೆ ಮೇಲೆ ತೇಲಬಾರದೆಂದು ಕಲ್ಲು ಹೇರುತ್ತೇವಲ್ಲ, ಆ ಭಾರಕ್ಕೆ ಚೀಲ ಎಲ್ಲಿ ಹರಿಯಿತೆಂದು ತಿಳಿಯುವುದೇ ಇಲ್ಲ. ಮೇಲಾಗಿ ಅಂಗಡಿಯ ಕಪ್ಪು, ಬಣ್ಣದ ಚೀಲಗಳು ಹೆಚ್ಚಾಗಿ ಗುಜರಿ ಪ್ಲಾಸ್ಟಿಕ್ಕಿನವು. ಒಂದನ್ನು ತಪ್ಪಿಸಲು ಹೋಗಿ ಇನ್ನೊಂದನ್ನು ಸೊಳೆಗೆ ಅಂಟಿಸಿದ ಹಾಗಾಗುತ್ತದೆ.

“ಮೂಸಿ ನೋಡಿದರೆ ಗೊತ್ತಾಗುವುದಿಲ್ಲವಾ?” ಎಂದು ಮೊಮ್ಮಗಳು ಕೇಳಿದಳು. ಅರ್ಧ ಗೊತ್ತಾಗುತ್ತದೆ. ಡಬ್ಬಿಗೆ ಬಿಸಿನೀರು ಹಾಕಿ, ಮುಚ್ಚಿ, ಒಂದು ರಾತ್ರಿ ಇಟ್ಟು ಬೆಳಿಗ್ಗೆ ತೆರೆದಾಗ ಹಳೆಯ ವಾಸನೆ ಬಂದರೆ ಆ ಡಬ್ಬಿ ಬೇಡವೇ ಬೇಡ. ವಾಸನೆ ಬಾರದಿದ್ದರೆ ಮಾತ್ರ ತೀರ್ಪು ಕೊಡಬೇಡಿ. ತಾಮ್ರಕ್ಕೆ ವಾಸನೆ ಇಲ್ಲ, ಸೀಸಕ್ಕೂ ಇಲ್ಲ. ಮೂಗಿಗಿಂತ ನೆನಪು ಮುಖ್ಯ. ಇದರಲ್ಲಿ ಮೊದಲು ಏನಿತ್ತು ಎಂದು ಮನೆಯಲ್ಲಿ ಒಬ್ಬರಿಗಾದರೂ ಖಚಿತವಾಗಿ ಗೊತ್ತಿದ್ದರೆ ಮಾತ್ರ ಆ ಡಬ್ಬಿ ಒಳಗೆ ಬರಲಿ. ಗುಜರಿಯಿಂದ ತಂದ ನೀಲಿ ಡ್ರಮ್ಮಿನ ಚರಿತ್ರೆ ಯಾರಿಗೂ ಗೊತ್ತಿರುವುದಿಲ್ಲ. ಅದು ಗೊಬ್ಬರದ ನೀರಿಗೆ ಒಳ್ಳೆಯದು.

ಕೊನೆಗೆ ಅಜ್ಜಿಯ ಮಗ ಸಂತೆಯಿಂದ ಲೋಟ-ಚಮಚದ ಗುರುತಿರುವ, ಅಗಲ ಬಾಯಿಯ ಹೊಸ ಬಿಳಿ ಡಬ್ಬಿ ತಂದ. ಅಜ್ಜಿ ಒಂದು ಪದರ ಸೊಳೆ, ಒಂದು ಹಿಡಿ ಕಲ್ಲುಪ್ಪು ಎಂದು ತುಂಬಿಸಿ, ಮೇಲೆ ಬಾಳೆಲೆ ಮುಚ್ಚಿ ತೊಳೆದ ಹೊಳೆಕಲ್ಲು ಇಟ್ಟರು. ಮೊಮ್ಮಗಳು ಉಳಿದ ಪೈಂಟಿನಿಂದ ನೀಲಿ ಬಕೆಟಿನ ಮೇಲೆ ದೊಡ್ಡ ಅಕ್ಷರದಲ್ಲಿ “ಮದ್ದು” ಎಂದು ಬರೆದಳು, ಓದು ಬಾರದವರಿಗೂ ತಿಳಿಯಲೆಂದು ಪಕ್ಕದಲ್ಲಿ ತಲೆಬುರುಡೆ ಬಿಡಿಸಿದಳು. ಅದು ಬುರುಡೆಗಿಂತ ಹೆಚ್ಚಾಗಿ ಬೆಕ್ಕಿನಂತೆ ಕಾಣುತ್ತದೆ. ಪೈಂಟ್ ಬಕೆಟಿನ ತಳಕ್ಕೆ ಅಜ್ಜ ಕಾಸಿದ ಕಬ್ಬಿಣದಿಂದ ಐದು ತೂತು ಹೊಡೆದರು. ಈಗ ಅದರಲ್ಲಿ ಗೇಟಿನ ಪಕ್ಕ ದಾಸವಾಳ ಬೆಳೆಯುತ್ತಿದೆ.

ಆಟಿಯ ಮಳೆ ಹಿಡಿದಾಗ ಅಜ್ಜಿ ಡಬ್ಬಿ ತೆರೆದರು. ಒಂದು ರಾತ್ರಿ ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿದ ಸೊಳೆಯಿಂದ ಉಂಡ್ಲಕಾಳು ಮಾಡಿದ್ದರು. ಭರಣಿಯ ಸೊಳೆಯಷ್ಟು ಪರಿಮಳ ಇಲ್ಲ ಎಂದು ಅಜ್ಜಿ ಗೊಣಗಿದರು. ಬಟ್ಟಲು ಮಾತ್ರ ಖಾಲಿಯಾಗಿತ್ತು.